ಗುಂಯ್‌ಗುಡುವ ಹಾಲ್‌ನಲ್ಲಿ ಭಜನೆ: ಮೈಕ್ ಎಷ್ಟು ದೂರ, ಉಸಿರು ಎಲ್ಲಿ?

"ಅಣ್ಣ, ಹಿಂದೆ ಕೂತವರಿಗೆ ಸಾಹಿತ್ಯ ಕೇಳಿಸ್ತಿಲ್ಲವಂತೆ, ಸೌಂಡ್ ಸ್ವಲ್ಪ ಜಾಸ್ತಿ ಮಾಡಿ." ದೇವಸ್ಥಾನದ ದೊಡ್ಡ ಹಾಲ್‌ನಲ್ಲಿ ಮಿಕ್ಸರ್ ಹಿಂದೆ ಕೂತವರಿಗೆ ಈ ಮಾತು ಬಾಯಿಪಾಠ ಆಗಿರುತ್ತದೆ. ಜಾಸ್ತಿ ಮಾಡುತ್ತೇವೆ. ಸೌಂಡ್ ಜಾಸ್ತಿಯಾಗುತ್ತದೆ, ಸಾಹಿತ್ಯ ಮಾತ್ರ ಆಗಲೂ ಕೇಳಿಸುವುದಿಲ್ಲ. ಕಾರಣ ಸರಳ. ಅಲ್ಲಿ ಕೊರತೆ ಇರುವುದು ಶಬ್ದಕ್ಕಲ್ಲ. ಶಬ್ದ ಬೇಕಾದ್ದಕ್ಕಿಂತ ಹೆಚ್ಚೇ ಇದೆ, ಹೋಗಬೇಕಾದ ಹೊತ್ತಿಗೆ ಹೋಗುತ್ತಿಲ್ಲ ಅಷ್ಟೇ.

ಒಂದು ಹಾಲ್ ಇಟ್ಟುಕೊಂಡು ಲೆಕ್ಕ ಹಾಕೋಣ. ಉದ್ದ 30 ಮೀಟರ್, ಅಗಲ 15, ಎತ್ತರ 8. ಕೆಳಗೆ ಗ್ರಾನೈಟ್, ಮೇಲೆ ಕಾಂಕ್ರೀಟ್, ಸುತ್ತ ಬರೀ ಗೋಡೆ. ಇಂಥ ಕಡೆ ಒಂದು ಚಪ್ಪಾಳೆ ತಟ್ಟಿದರೆ ಅದರ ಗುಂಯ್ ಪೂರ್ತಿ ಅಡಗುವುದಕ್ಕೆ 4 ಸೆಕೆಂಡ್ ಬೇಕಾಗುವುದು ವಿಶೇಷವೇನಲ್ಲ. ನಮ್ಮ ಲೆಕ್ಕದಲ್ಲಿ ಪೂರ್ತಿ ಅಂದರೆ 60 ಡೆಸಿಬಲ್ ಇಳಿಯುವುದು, ಅಂದರೆ ಸೆಕೆಂಡಿಗೆ 15 ಡೆಸಿಬಲ್. ಈ 15 ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈ ಹಾಲ್‌ನಲ್ಲಿ ಮಾಮೂಲಿ ಸ್ಪೀಕರ್ ಇಟ್ಟರೆ ಅದರಿಂದ ಸುಮಾರು 4 ಮೀಟರ್ ದೂರದವರೆಗೆ ಕೂತವರಿಗೆ ನೇರ ಬರುವ ಸ್ವರ ಮೇಲುಗೈ. ಅದಕ್ಕಿಂತ ಹಿಂದೆ ಕೂತವರಿಗೆ ಗೋಡೆ, ಛಾವಣಿಗೆ ಬಡಿದು ಬರುವ ಗುಂಯ್ ಮೇಲುಗೈ. ವಾಲ್ಯೂಮ್ ತಿರುಗಿಸಿದರೆ ಎರಡೂ ಒಟ್ಟಿಗೆ ಏರುತ್ತವೆ. ಹಾಗಾಗಿ ಹಿಂದಿನವರ ಪಾಲಿಗೆ ಏನೂ ಬದಲಾಗುವುದಿಲ್ಲ, ಕಿವಿ ನೋಯುತ್ತದೆ ಅಷ್ಟೆ. ಸ್ಪೀಕರನ್ನು ಜನರ ಹತ್ತಿರ ತಂದು, ಎದುರು ಗೋಡೆಗಲ್ಲ, ಕೂತವರ ಕಡೆ ತಿರುಗಿಸುವುದು ನಮ್ಮ ಕೆಲಸ. ಹಾಡುವವರ ಕೈಯಲ್ಲಿ ಏನಿದೆ ಅಂತ ಇಲ್ಲಿ ಹೇಳುತ್ತೇನೆ. ಅದೂ ಕಡಿಮೆ ಏನಲ್ಲ.

ಮೊದಲು ಮೈಕ್ ದೂರ. ಬಾಯಿಗೂ ಮೈಕ್‌ಗೂ ಇರುವ ದೂರ ಎರಡು ಪಟ್ಟಾದರೆ ಮೈಕ್‌ಗೆ ಸಿಗುವ ಸ್ವರ 6 ಡೆಸಿಬಲ್ ಇಳಿಯುತ್ತದೆ. ಕೆಲವರು ಜಾಲರಿಗೆ ತುಟಿ ತಾಗಿಸಿಯೇ ಹಾಡುತ್ತಾರೆ. ಎರಡೂವರೆ ಸೆಂಟಿಮೀಟರ್‌ನಲ್ಲಿ ಹಾಡುವವರು ತಲೆಯನ್ನು ಇನ್ನೊಂದು ಎರಡೂವರೆ ಸೆಂಟಿಮೀಟರ್ ಹಿಂದೆ ಎಳೆದರೆ ಸಾಕು, ದೂರ ಎರಡು ಪಟ್ಟು, 6 ಡೆಸಿಬಲ್ ಮಾಯ. ಅದೇ 10 ಸೆಂಟಿಮೀಟರ್‌ನಲ್ಲಿ ಇದ್ದವರು ಅಷ್ಟೇ ತಲೆ ಆಡಿಸಿದರೆ ಇಳಿಯುವುದು ಬರೀ 2 ಡೆಸಿಬಲ್. ಭಜನೆಯಲ್ಲಿ ತಲೆ ಆಡಿಸದೆ ಯಾರು ಹಾಡುತ್ತಾರೆ ಹೇಳಿ? ತೀರಾ ಹತ್ತಿರ ಹೋದಷ್ಟೂ ಸ್ವರ ಏರಿಳಿಯುತ್ತದೆ. ಜೊತೆಗೆ ಸಾಮಾನ್ಯವಾಗಿ ಬಳಸುವ ಮೈಕ್‌ಗಳು ತುಂಬಾ ಹತ್ತಿರದಲ್ಲಿ ತಗ್ಗಿನ ಸ್ವರವನ್ನು ಉಬ್ಬಿಸುತ್ತವೆ. ಚಿಕ್ಕ ರೂಮ್‌ನಲ್ಲಿ ಆ ಉಬ್ಬು ಕೇಳಲು ಹಿತವಾಗಿಯೇ ಇರುತ್ತದೆ. ಇಂಥ ಹಾಲ್‌ನಲ್ಲಿ ತಗ್ಗಿನ ಸ್ವರವೇ ಎಲ್ಲಕ್ಕಿಂತ ಹೆಚ್ಚು ಹೊತ್ತು ಸುತ್ತುವುದರಿಂದ ಹಾಡಿನ ಅಕ್ಷರಗಳು ಅದರಡಿಯಲ್ಲಿ ಮುಳುಗುತ್ತವೆ.

ಹಾಗಂತ ದೂರ ಹೋದರೆ? ಅದೂ ಆಗುವುದಿಲ್ಲ. ಒಂದು ಗೇಣು ದೂರದಲ್ಲಿ ಮೈಕ್ ಇಟ್ಟುಕೊಂಡವರ ಸ್ವರ, ನಾಲ್ಕು ಬೆರಳಿನ ದೂರಕ್ಕಿಂತ ಸುಮಾರು 9 ಡೆಸಿಬಲ್ ಕಡಿಮೆ. ಅದನ್ನು ತುಂಬಲು ನಾವು ಮಿಕ್ಸರ್‌ನಲ್ಲಿ 9 ಡೆಸಿಬಲ್ ಏರಿಸಬೇಕು. ಏರಿಸಿದಾಗ ಪಕ್ಕದ ತಾಳ, ತಬಲ, ಹಾಲ್‌ನ ಗುಂಯ್ ಎಲ್ಲವೂ 9 ಡೆಸಿಬಲ್ ಹೆಚ್ಚಾಗಿ ಅದೇ ಮೈಕ್‌ಗೆ ಬರುತ್ತವೆ, ಸ್ಪೀಕರ್‌ಗೆ ಹೋಗಿ ಮತ್ತೆ ಸುತ್ತುತ್ತವೆ. ಆಮೇಲೆ ಕುಂಯ್ ಎಂದು ಕೂಗುವುದು ಗೊತ್ತೇ ಇದೆ.

ಆದ್ದರಿಂದ ನನ್ನ ಅಳತೆ ಇಷ್ಟೆ. ಮಾಮೂಲಿ ಹಾಡುವಾಗ ನಾಲ್ಕು ಬೆರಳು, ತಾರಸ್ಥಾಯಿಯಲ್ಲಿ ಗಂಟಲು ಬಿಚ್ಚುವಾಗ ಒಂದು ಚೋಟು. ನಾಲ್ಕು ಬೆರಳೆಂದರೆ ಹತ್ತಿರ ಹತ್ತಿರ 7 ಸೆಂಟಿಮೀಟರ್, ಚೋಟು ಅಂದರೆ 15. ಅಲ್ಲಿಗೆ ದೂರ ಎರಡು ಪಟ್ಟು, 6 ಡೆಸಿಬಲ್ ತಾನಾಗಿಯೇ ಇಳಿಯಿತು. ಹಿಂದೆ ಸರಿಯುವುದು ಸ್ವರ ಹಿಡಿಯುವ ಮುಂಚೆ ಆಗಬೇಕು. ಹಿಡಿದ ಮೇಲೆ ಸರಿದರೆ ಮೊದಲ ಹೊಡೆತ ಆಗಲೇ ಹಾಲ್‌ಗೆ ಹೋಗಿರುತ್ತದೆ, ಅದು ನಾಲ್ಕು ಸೆಕೆಂಡ್ ಅಲ್ಲೇ ಇರುತ್ತದೆ.

ಕೂತು ಹಾಡುವವರಲ್ಲಿ ಇನ್ನೊಂದು ತೊಂದರೆ ನೋಡಿದ್ದೇನೆ. ಸ್ಟ್ಯಾಂಡ್ ಹೊಂದಿಸುವಾಗ ಎಲ್ಲರೂ ನೆಟ್ಟಗೆ ಕೂತು, ಮುಖ ಮೇಲೆತ್ತಿ "ಹಲೋ, ಹಲೋ" ಅನ್ನುತ್ತಾರೆ. ಮೈಕ್ ಸರಿಯಾಗಿ ಬಾಯಿಯ ಎದುರಿಗೆ ನಿಲ್ಲುತ್ತದೆ. ಹಾಡು ಶುರುವಾದ ಕೂಡಲೇ ತೊಡೆಯ ಮೇಲಿನ ಪುಸ್ತಕವನ್ನೋ ಮೊಬೈಲನ್ನೋ ನೋಡಲು ತಲೆ ಬಗ್ಗುತ್ತದೆ. ಬಾಯಿ ಮೈಕ್‌ನ ಕೆಳಗೆ ಹೋಗುತ್ತದೆ, ಮೈಕ್ ಎದುರಿಗೆ ಹಣೆ ಇರುತ್ತದೆ. ಪಲ್ಲವಿ ಬಾಯಿಪಾಠ ಇರುವುದರಿಂದ ಜೋರಾಗಿ ಬರುತ್ತದೆ, ಚರಣ ಓದಿಕೊಂಡು ಹಾಡುವುದರಿಂದ ಅಡಗುತ್ತದೆ. ಪಲ್ಲವಿ ಚೆನ್ನಾಗಿ ಕೇಳಿ ಚರಣ ಮಾತ್ರ ಕೇಳಿಸದಿದ್ದರೆ ಇದೇ ಕಾರಣ ಅಂತ ನಾನು ಕಣ್ಣು ಮುಚ್ಚಿ ಹೇಳುತ್ತೇನೆ. ಪುಸ್ತಕವನ್ನು ಚಿಕ್ಕ ಪೀಠದ ಮೇಲೆ, ಮೈಕ್‌ನ ಆಚೆಗೆ ಇಡಿ. ಓದುವ ಭಂಗಿಯಲ್ಲೇ ಕೂತು ಮೈಕ್ ಹೊಂದಿಸಿಕೊಳ್ಳಿ.

ಮೈಕ್ ಬಾಯಿಗೆ ನೆಟ್ಟಗೆ ಇರಬೇಕಿಲ್ಲ. ತುಟಿಯ ಒಂದು ಬದಿಯಿಂದ, ಗಲ್ಲದ ಎತ್ತರಕ್ಕೆ, ಓರೆಯಾಗಿ ಬಾಯಿಯನ್ನು ನೋಡುವಂತಿರಲಿ. ಅಂಗೈಯನ್ನು ಬಾಯಿಯ ಎದುರು ಹಿಡಿದು "ಪಾಂಡುರಂಗ" ಅನ್ನಿ, ಆಮೇಲೆ "ನಾರಾಯಣ" ಅನ್ನಿ. ಮೊದಲನೆಯದಕ್ಕೆ ಗಾಳಿ ಅಂಗೈಗೆ ಬಡಿಯುತ್ತದೆ, ಎರಡನೆಯದಕ್ಕೆ ಇಲ್ಲ. ಪ, ಫ, ಭ ಬಂದಾಗಲೆಲ್ಲ ಆ ಗಾಳಿ ಮೈಕ್‌ಗೆ ನೇರವಾಗಿ ನುಗ್ಗಿದರೆ ಢಬ್ ಅನ್ನುತ್ತದೆ. ಓರೆ ಇದ್ದರೆ ಗಾಳಿ ಪಕ್ಕಕ್ಕೆ ಹೋಗುತ್ತದೆ, ಸ್ವರ ಮಾತ್ರ ಸಿಗುತ್ತದೆ. ಹಾಗೇ ಕೈಯಲ್ಲಿ ಹಿಡಿದು ಹಾಡುವವರು ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಬೇಡಿ. ಹಿಂದಿನಿಂದ ಬರುವ ಶಬ್ದವನ್ನು ತಡೆಯುವ ಗುಣವೇ ಆಗ ಹೋಗಿಬಿಡುತ್ತದೆ, ಮೈಕ್ ಕೂಗುವುದಕ್ಕೆ ನೀವೇ ದಾರಿ ಮಾಡಿಕೊಟ್ಟ ಹಾಗೆ.

ಈಗ ಉಸಿರು. ಉಸಿರೆಳೆಯುವ ಸದ್ದು ಕೇಳಿಸುತ್ತದೆ ಅನ್ನುವುದು ಚಿಕ್ಕ ವಿಷಯ. ನಾಲ್ಕು ಬೆರಳು ದೂರ ಇದ್ದು, ಬಾಯಿ ತೆರೆದು ನಿಧಾನಕ್ಕೆ ಎಳೆದುಕೊಂಡರೆ ಅರ್ಧ ಕಡಿಮೆಯಾಗುತ್ತದೆ. ಉಳಿದದ್ದಕ್ಕೆ ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿಸಿ. ನಿಜವಾಗಿ ಯೋಚಿಸಬೇಕಾದದ್ದು ಉಸಿರು ಎಲ್ಲಿ ತೆಗೆದುಕೊಳ್ಳುತ್ತೀರಿ, ಎಷ್ಟು ಹೊತ್ತು ತೆಗೆದುಕೊಳ್ಳುತ್ತೀರಿ ಅನ್ನುವುದು.

ಸೆಕೆಂಡಿಗೆ 15 ಡೆಸಿಬಲ್ ಅಂದೆನಲ್ಲ. ಸಾಲಿನ ಕೊನೆಯಲ್ಲಿ ಸ್ವರ ಬಿಟ್ಟು ಒಂದು ಸೆಕೆಂಡ್ ಸುಮ್ಮನಿದ್ದರೆ ಹಿಂದಿನ ಸಾಲಿನ ಗುಂಯ್ 15 ಡೆಸಿಬಲ್ ಕೆಳಗಿಳಿದಿರುತ್ತದೆ, ಮುಂದಿನ ಸಾಲಿನ ಮೊದಲ ಅಕ್ಷರ ತಿಳಿಯಾಗಿ ಕೇಳುತ್ತದೆ. ಕೊನೆಯ ಸ್ವರವನ್ನು ಎಳೆದೂ ಎಳೆದು, ಚಕ್ಕನೆ ಉಸಿರು ಕದ್ದು ಮುಂದಿನ ಸಾಲಿಗೆ ಹಾರಿದರೆ ಆ ಮೊದಲ ಅಕ್ಷರ ಸತ್ತಂತೆ. ಮನೆಯ ಅಭ್ಯಾಸದಲ್ಲಿ ಆ ಎಳೆತ ಚೆಂದ, ಇಲ್ಲಿ ಹಾಲ್ ತಾನೇ ಎಳೆಯುತ್ತದೆ. ನೀವು ಮುಂಚೆಯೇ ಬಿಡಿ.

ವೇಗದ್ದೂ ಇದೇ ಲೆಕ್ಕ. ನಿಮಿಷಕ್ಕೆ 90 ತಾಳ, ಒಂದು ತಾಳಕ್ಕೆ ನಾಲ್ಕು ಅಕ್ಷರ ಅಂದರೆ ಒಂದು ಅಕ್ಷರಕ್ಕೆ ಸಿಗುವುದು ಸೆಕೆಂಡಿನ ಆರನೇ ಒಂದು ಭಾಗ. ಅಷ್ಟರಲ್ಲಿ ಹಿಂದಿನ ಅಕ್ಷರ ಇಳಿಯುವುದು ಬರೀ ಎರಡೂವರೆ ಡೆಸಿಬಲ್. ಅದು ಇನ್ನೂ ಅಲ್ಲೇ ಇರುವಾಗ ಇದು ಬಂತು, ಇದರ ಮೇಲೆ ಮತ್ತೊಂದು. ಅಷ್ಟೋತ್ತರ, ನಾಮಾವಳಿಯಂಥದ್ದನ್ನು ಇಲ್ಲಿ ಓಡಿಸಿದರೆ ಕೇಳುವವರಿಗೆ ಸಿಗುವುದು ರಾಗ ಮಾತ್ರ.

ಗುಂಪಿನಲ್ಲಿ ಹಾಡುವವರಿಗೆ ಒಂದು ಮಾತು. ಒಬ್ಬರು ಉಸಿರೆಳೆಯುವಾಗ ಇನ್ನೊಬ್ಬರು ಸ್ವರ ಹಿಡಿದಿರಬೇಕು, ಕಡಿಯಬಾರದು ಅಂತ ಕೆಲವು ಕಡೆ ಕಲಿಸುತ್ತಾರೆ. ಇಂಥ ಹಾಲ್‌ನಲ್ಲಿ ಅದು ತಿರುಗುಬಾಣ. ಎಲ್ಲರೂ ಒಂದೇ ಜಾಗದಲ್ಲಿ ನಿಲ್ಲಿಸಿ, ಒಟ್ಟಿಗೆ ಉಸಿರು ತೆಗೆದುಕೊಳ್ಳಿ. ಒಬ್ಬರು ಎಳೆದರೂ ಆ ಬಿಡುವು ತುಂಬಿಹೋಗುತ್ತದೆ. ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಉಸಿರಿನ ಜಾಗಕ್ಕೆ ಗೆರೆ ಹಾಕಿಕೊಂಡು ಬರುವ ಒಂದು ಮಹಿಳಾ ಮಂಡಳಿ ನನಗೆ ಗೊತ್ತು. ಅವರಿದ್ದ ದಿನ ನನಗೆ ಅರ್ಧ ಕೆಲಸ.

ಇನ್ನು ಗಂಟಲಿನ ವಾಲ್ಯೂಮ್. ತಮ್ಮ ಸ್ವರ ತಮಗೆ ಕೇಳಿಸದಿದ್ದರೆ ಯಾರೇ ಆದರೂ ಗೊತ್ತಿಲ್ಲದೆ ಜೋರು ಮಾಡುತ್ತಾರೆ. ಒಬ್ಬರು ಜೋರಾದರೆ ಪಕ್ಕದವರೂ ಜೋರು, ತಾಳದವರು ಇನ್ನೂ ಜೋರು. ಕೊನೆಯ ಭಜನೆ ಹೊತ್ತಿಗೆ ಎಲ್ಲರ ಗಂಟಲೂ ಕಟ್ಟಿರುತ್ತದೆ. ಇದಕ್ಕೆ ಮದ್ದು, ಹಾಡುವವರ ಎದುರಿಗೆ ಮೈಕ್‌ನ ಬಾಲದ ಕಡೆಯಿಂದ ಒಂದು ಚಿಕ್ಕ ಮಾನಿಟರ್. ಅದನ್ನು ಕೇಳಿ ಪಡೆಯಿರಿ, ಸಂಕೋಚ ಬೇಡ. ತಾಳಕ್ಕೆ ಮಾತ್ರ ಪಕ್ಕದ ತಬಲವನ್ನೇ ಕೇಳಿ, ಹಾಲ್‌ನದ್ದನ್ನಲ್ಲ. 30 ಮೀಟರ್ ಆಚೆಯ ಗೋಡೆಗೆ ಹೋಗಿ ಬರುವ ಸ್ವರ ಸೆಕೆಂಡಿನ ಆರನೇ ಒಂದು ಭಾಗ ತಡವಾಗಿ ಬರುತ್ತದೆ, ಅಂದರೆ ಮೇಲೆ ಹೇಳಿದ ವೇಗದಲ್ಲಿ ಸರಿಯಾಗಿ ಒಂದು ಅಕ್ಷರ ಹಿಂದೆ. ಅದಕ್ಕೆ ಕಾದುಕೊಂಡು ಹಾಡಿದರೆ ಲಯ ಜಾರುತ್ತಾ ಹೋಗುತ್ತದೆ.

ಮೈಕ್‌ಗಳ ಸಂಖ್ಯೆಯೂ ಇಲ್ಲಿ ಬರುತ್ತದೆ. ಎಲ್ಲರಿಗೂ ಒಂದೊಂದು ಮೈಕ್ ಬೇಕು ಅನ್ನುವ ಹಟ ನನಗೆ ಅರ್ಥವಾಗುತ್ತದೆ, ಆದರೆ ತೆರೆದಿರುವ ಮೈಕ್ ಎರಡು ಪಟ್ಟಾದಾಗಲೆಲ್ಲ ಕೂಗುವ ಮುಂಚಿನ ಅವಕಾಶ 3 ಡೆಸಿಬಲ್ ಕಡಿಮೆಯಾಗುತ್ತದೆ. ಎಂಟರ ಬದಲು ಎರಡೇ ತೆರೆದಿದ್ದರೆ 6 ಡೆಸಿಬಲ್ ಉಳಿತಾಯ. ಹೇಳಿಕೊಡುವವರಿಗೆ ಒಂದು, ಹಿಂದೆ ಹೇಳುವವರಲ್ಲಿ ಇಬ್ಬರು ಮೂವರಿಗೆ ಸೇರಿ ಒಂದು. ತಾಳಕ್ಕೆ ಮೈಕ್ ಬೇಡವೇ ಬೇಡ.

ಮತ್ತೆ, "ಸ್ವಲ್ಪ ಎಕೋ ಹಾಕಿ ಅಣ್ಣ" ಅನ್ನಬೇಡಿ. ಹಾಲ್ ಆಗಲೇ ಹಾಕಿದೆ!

ಸೌಂಡ್ ಚೆಕ್ ಸಾಮಾನ್ಯವಾಗಿ ಖಾಲಿ ಹಾಲ್‌ನಲ್ಲೇ ನಡೆಯುತ್ತದೆ, ಆಗ ಹೆದರಿಕೆಯಾಗುವುದು ಸಹಜ. ಜನರ ಮೈ, ಬಟ್ಟೆ ಶಬ್ದ ಹೀರುತ್ತವೆ. ನಮ್ಮ ಈ ಹಾಲ್‌ಗೆ 200 ಜನ ಬಂದು ಕೂತರೆ ಗುಂಯ್ 4 ಸೆಕೆಂಡಿನಿಂದ ಸುಮಾರು ಎರಡೂವರೆಗೆ ಇಳಿಯುತ್ತದೆ. ತಗ್ಗಿನ ಸ್ವರ ಮಾತ್ರ ಅಷ್ಟಾಗಿ ಇಳಿಯುವುದಿಲ್ಲ, ಅದನ್ನು ಮಿಕ್ಸರ್‌ನಲ್ಲೇ ಕತ್ತರಿಸಬೇಕು. ಧನುರ್ಮಾಸದ ಬೆಳಗಿನ ಜಾವ ಹತ್ತು ಹದಿನೈದು ಜನ ಇದ್ದಾಗ ಖಾಲಿ ಹಾಲ್‌ನ ಲೆಕ್ಕವೇ. ಆಗ ಇನ್ನೂ ನಿಧಾನ, ಇನ್ನೂ ಮೆತ್ತಗೆ ಹಾಡಿ, ಬಂದವರನ್ನು ಹತ್ತಿರ ಕೂರಿಸಿಕೊಳ್ಳಿ.

ಸರಿಯಾಯಿತೋ ಇಲ್ಲವೋ ಅಂತ ನೋಡುವುದಕ್ಕೆ ಮಂಡಳಿಯವರನ್ನೇ ಹಿಂದೆ ನಿಲ್ಲಿಸಬೇಡಿ. ಹಾಡು ಗೊತ್ತಿದ್ದವರಿಗೆ ಎಲ್ಲ ಅಕ್ಷರವೂ ಕೇಳಿಸಿದ ಹಾಗೇ ಇರುತ್ತದೆ. ಆ ಹಾಡು ಗೊತ್ತಿಲ್ಲದವರೊಬ್ಬರನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ಒಂದು ಚರಣ ಹಾಡಿ, ಏನು ಕೇಳಿಸಿತೋ ಅದನ್ನು ಬರೆದುಕೊಡಿ ಅನ್ನಿ. ಅವರು ಎಲ್ಲೆಲ್ಲಿ ಖಾಲಿ ಬಿಟ್ಟಿದ್ದಾರೋ ಅಲ್ಲಿ ಪೆನ್ಸಿಲ್ ಗೆರೆ ಹಾಕಿ.