ಐದು ಸಾಲು, ಐದು ಮನೆ: ಶಾಲಾ ಪತ್ರಿಕೆಗೆ ಒಂದು ಪದಬಂಧ ಕಟ್ಟುವುದು

ಕುಮಟಾ ಕಡೆಯ ಒಂದು ಪ್ರೌಢಶಾಲೆಯ ವಾರ್ಷಿಕ ಸಂಚಿಕೆಗೆ ಪದಬಂಧ ಬೇಕು, ಅದಕ್ಕೆ ಅರ್ಧ ಪುಟ ಜಾಗವಿದೆ ಎಂದುಕೊಳ್ಳೋಣ. ಈ ಟಿಪ್ಪಣಿಯಲ್ಲಿ ಐದು ಅಡ್ಡ, ಐದು ಉದ್ದದ ಒಂದೇ ಚೌಕಟ್ಟನ್ನು ಮೊದಲಿಂದ ಕೊನೆಯವರೆಗೆ ಕಟ್ಟುತ್ತೇವೆ. ದೊಡ್ಡ ಚೌಕಟ್ಟಿನಲ್ಲಿ ಎದುರಾಗುವ ತೊಡಕುಗಳೆಲ್ಲ ಇದರಲ್ಲೂ ಎದುರಾಗುತ್ತವೆ.

ಮೊದಲು ಮನೆಯ ಲೆಕ್ಕ. ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಪೂರ್ಣಾಕ್ಷರ. ಗುಣಿತ, ಒತ್ತು, ಸೊನ್ನೆ ಎಲ್ಲವೂ ಅದೇ ಮನೆಯೊಳಗೆ ಬರಬೇಕು. ಗೋಕರ್ಣಕ್ಕೆ ಮೂರು ಮನೆ: ಗೋ, ಕ, ರ್ಣ. ಅಂಕೋಲಾಕ್ಕೂ ಮೂರೇ: ಅಂ, ಕೋ, ಲಾ. ಪದಗಳು ಒಂದನ್ನೊಂದು ಹಾಯುವ ಮನೆಯಲ್ಲಿ ಅಕ್ಷರ ಗುಣಿತದ ಸಮೇತ ಒಂದೇ ಆಗಿರಬೇಕು. ಅಡ್ಡ ಪದಕ್ಕೆ ಮು, ಉದ್ದ ಪದಕ್ಕೆ ಮುಂ ಬೇಕಾದರೆ ಆ ಜೋಡಣೆ ನಡೆಯುವುದಿಲ್ಲ. 'ಹತ್ತಿರ ಇದೆಯಲ್ಲ' ಎಂದು ಬಿಟ್ಟುಕೊಟ್ಟರೆ ಬಿಡಿಸುವ ಮಗು ಅಲ್ಲೇ ನಿಲ್ಲುತ್ತದೆ. ಅರ್ಧಾಕ್ಷರದಲ್ಲಿ ಮುಗಿಯುವ ಬಸ್, ಬ್ಯಾಂಕ್ ತರಹದ ಪದಗಳನ್ನು ದೂರವಿಡಿ. ಕೊನೆಯ ಸ್ ಅಥವಾ ಕ್‌ಗೆ ಪ್ರತ್ಯೇಕ ಮನೆ ಕೊಡಬೇಕೋ ಬೇಡವೋ ಎಂಬುದರಲ್ಲಿ ಒಮ್ಮತವಿಲ್ಲ.

ಪದಪಟ್ಟಿಯನ್ನು ಗಣಕಯಂತ್ರದಲ್ಲಿ ಮಾಡಿಕೊಳ್ಳುವವರು ಒಂದು ಎಚ್ಚರ ವಹಿಸಬೇಕು. ಸ್ಪ್ರೆಡ್‌ಶೀಟಿನಲ್ಲಿ `LEN` ಸೂತ್ರ ಹಾಕಿದರೆ ಸಿಗುವುದು ಮನೆಗಳ ಲೆಕ್ಕವಲ್ಲ. ಯೂನಿಕೋಡಿನಲ್ಲಿ ಗುಣಿತ ಚಿಹ್ನೆ, ಒತ್ತಿನ ಕೊಂಡಿ ಎಲ್ಲವೂ ಬೇರೆ ಬೇರೆ ಎಣಿಕೆಯಾಗುವುದರಿಂದ 'ನಿರುಪದ್ರವಿ'ಗೆ ಅದು 10 ಎನ್ನುತ್ತದೆ. ಬೇಕಾದದ್ದು 5 ಮನೆ. ಬೆರಳೆಣಿಕೆಯೇ ನಂಬಿಕೆಗೆ ಅರ್ಹ.

ಇನ್ನು ಚೌಕಟ್ಟು. ಸಮಮಿತಿ ಎಂದರೆ ಹಾಳೆಯನ್ನು ತಲೆಕೆಳಗು ಮಾಡಿದರೂ ಕಪ್ಪು ಮನೆಗಳ ವಿನ್ಯಾಸ ಹಾಗೇ ಕಾಣಬೇಕು. ಇದಕ್ಕೆ ಸುಲಭದ ಲೆಕ್ಕವಿದೆ. 5×5ರಲ್ಲಿ ಒಂದು ಕಪ್ಪು ಮನೆ ಹಾಕಿದರೆ ಅದರ ಸಾಲಿನ ಸಂಖ್ಯೆಯನ್ನೂ ಕಂಬದ ಸಂಖ್ಯೆಯನ್ನೂ 6ರಿಂದ ಕಳೆಯಿರಿ. ಬಂದ ಜಾಗದಲ್ಲಿ ಅದರ ಜೋಡಿ ಇರಬೇಕು. 2ನೇ ಸಾಲು 4ನೇ ಕಂಬದ ಕಪ್ಪಿಗೆ 4ನೇ ಸಾಲು 2ನೇ ಕಂಬ ಜೋಡಿ. ನಟ್ಟನಡುವಿನ ಮನೆ ತನಗೆ ತಾನೇ ಜೋಡಿ. 9×9 ಆದರೆ 10ರಿಂದ ಕಳೆಯಬೇಕು, ಅಷ್ಟೇ ವ್ಯತ್ಯಾಸ.

ನಮ್ಮ ಚೌಕಟ್ಟಿನಲ್ಲಿ ಐದು ಕಪ್ಪು ಮನೆ: ನಡುವೆ ಒಂದು, ಅದರ ನಾಲ್ಕು ಮೂಲೆಗಳ ಕಡೆ ಒಂದೊಂದು. ಆಗ ಹೊರಸುತ್ತಿನಲ್ಲಿ ಐದಕ್ಷರದ ನಾಲ್ಕು ಪದ ಮತ್ತು ಒಳಕ್ಕೆ ಚಾಚಿದ ಎರಡಕ್ಷರದ ನಾಲ್ಕು ಪದ ಸಿಗುತ್ತವೆ. ಕನ್ನಡದಲ್ಲಿ ಎರಡು, ಮೂರು ಅಕ್ಷರದ ಪದಗಳೇ ಹೆಚ್ಚು. ಐದಕ್ಷರದವನ್ನು ಹುಡುಕಿಯೇ ತರಬೇಕು, ಆದ್ದರಿಂದ ಅವನ್ನು ಮೊದಲು ಕೂರಿಸುತ್ತೇವೆ.

ಮೇಲಿನ ಸಾಲಿಗೆ ಊರಿನ ನದಿ ಅಘನಾಶಿನಿ ಇರಲಿ: ಅ, ಘ, ನಾ, ಶಿ, ನಿ. ಇದನ್ನು ಇಲ್ಲಿಯೇ ಇಡುವುದಕ್ಕೆ ಕಾರಣವಿದೆ. ಅ, ಆ, ಇ ತರಹದ ಸ್ವರ ಕನ್ನಡ ಪದದ ಆರಂಭದಲ್ಲಿ ಬರುತ್ತದೆ, ಪದದ ನಡುವೆ ಸಿಗುವುದು ತೀರ ಅಪರೂಪ. ಹಾಗಾಗಿ ಸ್ವರದಿಂದ ಶುರುವಾಗುವ ಅಡ್ಡ ಪದದ ಮೊದಲ ಮನೆಯಿಂದಲೇ ಉದ್ದ ಪದವೂ ಶುರುವಾಗಬೇಕು, ಇಲ್ಲವೇ ಆ ಮನೆಯನ್ನು ಯಾವ ಪದವೂ ಹಾಯಬಾರದು. ಎಡಮೇಲಿನ ಮೂಲೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಕೆಳಗಿನ ಸಾಲಿಗೆ ಅಘನಾಶಿನಿಯನ್ನು ಹಾಕಿದ್ದರೆ ಮೊದಲ ಕಂಬದ ಪದ 'ಅ'ದಲ್ಲಿ ಮುಗಿಯಬೇಕಾಗುತ್ತಿತ್ತು. ಅಂಥ ಪದವನ್ನು ಎಲ್ಲಿಂದ ತರುವುದು?

ಈಗ ಮೊದಲ ಕಂಬಕ್ಕೂ 'ಅ'ದಿಂದ ಶುರುವಾಗುವ ಐದಕ್ಷರದ ಪದ ಬೇಕು. ಅಡಿಕೆತೋಟ ಎಂದು ಬರೆಯಲು ನಮ್ಮ ಕಡೆಯ ಯಾರಿಗೂ ಕೈ ತುಡಿಯುತ್ತದೆ, ಐದಕ್ಷರವೂ ಸರಿಯಾಗಿದೆ. ಆದರೆ ಅದು 'ಟ'ದಲ್ಲಿ ಮುಗಿಯುತ್ತದೆ, ಕೆಳಸಾಲು 'ಟ'ದಿಂದ ಶುರುವಾಗಬೇಕಾಗುತ್ತದೆ. ಟ ದಿಂದ ಆರಂಭವಾಗುವ ಪದಗಳೇ ಕಡಿಮೆ, ಐದಕ್ಷರದ್ದಂತೂ ಕೈಗೆ ಸಿಗದು. ಪದ ಚೆಂದವಿದೆಯೇ ಎಂದು ನೋಡುವ ಮೊದಲು ಅದರ ಕೊನೆಯ ಅಕ್ಷರದಿಂದ ಇನ್ನೊಂದು ಪದ ಹುಟ್ಟೀತೇ ಎಂದು ನೋಡಬೇಕು. ಅನುವಾದಕ ಎಂದು ಇಟ್ಟರೆ ಕೊನೆಗೆ 'ಕ' ಸಿಗುತ್ತದೆ. ಕ ಧಾರಾಳದ ಅಕ್ಷರ.

ಉಳಿದದ್ದು 'ನಿ'ಯಿಂದ ಕೆಳಗಿಳಿಯುವ ಐದನೇ ಕಂಬ ಮತ್ತು 'ಕ'ದಿಂದ ಬಲಕ್ಕೆ ಹೋಗುವ ಕೆಳಸಾಲು. ಎರಡೂ ಒಂದೇ ಅಕ್ಷರದಲ್ಲಿ ಮುಗಿಯಬೇಕು. ಜೊತೆಗೆ ಎರಡರ ಮೂರನೇ ಅಕ್ಷರವೂ ಯಾವುದಾದರೂ ಎರಡಕ್ಷರದ ಪದದ ಕೊನೆಯಾಗಬೇಕು. ಚೌಕಟ್ಟಿನ ಕಷ್ಟವೆಲ್ಲ ಈ ಮೂಲೆಯಲ್ಲಿದೆ, ಆದ್ದರಿಂದ ನಿಧಾನಕ್ಕೆ ನೋಡೋಣ.

ಮೊದಲು ಹೊಳೆಯುವ ಜೋಡಿ ನಿರಹಂಕಾರ ಮತ್ತು ಕಡಲತೀರ. ಎರಡೂ 'ರ'ದಲ್ಲಿ ಮುಗಿಯುತ್ತವೆ. ಆದರೆ ನಿರಹಂಕಾರದ ಮೂರನೇ ಅಕ್ಷರ 'ಹಂ'. ಅದರಲ್ಲಿ ಮುಗಿಯುವ ಎರಡಕ್ಷರದ ಪದವೆಂದರೆ 'ಅಹಂ'. ಮನೆಗಳೇನೋ ತುಂಬುತ್ತವೆ, ಆದರೆ ನಿರಹಂಕಾರದ ಒಳಗೇ ಅಹಂ ಕೂತಿದೆ. ಎಂಟೇ ಪದಗಳ ಪದಬಂಧದಲ್ಲಿ ಒಂದು ಉತ್ತರ ಇನ್ನೊಂದನ್ನು ಬಿಟ್ಟುಕೊಡುವುದು ಒಪ್ಪತಕ್ಕದ್ದಲ್ಲ. ಎರಡನೆಯದು ನಿರಪರಾಧಿ ಮತ್ತು ಕರುಣಾನಿಧಿ. ಎರಡೂ 'ಧಿ'ಯಲ್ಲಿ ಮುಗಿದು ಚೆನ್ನಾಗಿ ಕೂಡುತ್ತವೆ. ಆದರೆ ಕರುಣಾನಿಧಿಯ ಮೂರನೇ ಅಕ್ಷರ 'ಣಾ'. ವೀಣಾದಂಥ ವ್ಯಕ್ತಿಯ ಹೆಸರು ಬಿಟ್ಟರೆ ಅದರಲ್ಲಿ ಮುಗಿಯುವ, ಮಕ್ಕಳಿಗೆ ಗೊತ್ತಿರುವ ಎರಡಕ್ಷರದ ಪದ ಸಿಗುವುದಿಲ್ಲ.

ಇಂಥ ಹೊತ್ತಿನಲ್ಲಿ ತೊಡಕಿನ ಮನೆಯನ್ನೇ ಕಪ್ಪು ಮಾಡಿಬಿಡುವ ಆಸೆಯಾಗುತ್ತದೆ. ನಿರಹಂಕಾರವನ್ನು ಉಳಿಸಿಕೊಳ್ಳಲು 3ನೇ ಸಾಲಿನ 5ನೇ ಮನೆಯನ್ನು ಕಪ್ಪು ಮಾಡಿ ನೋಡಿ. ಸಮಮಿತಿಗಾಗಿ ಅದೇ ಸಾಲಿನ 1ನೇ ಮನೆಯೂ ಕಪ್ಪಾಗಬೇಕು. ಆಗ ಉಳಿಸಬೇಕೆಂದಿದ್ದ ನಿರಹಂಕಾರವೂ ಅನುವಾದಕವೂ ಎರಡೆರಡು ಮನೆಗಳ ತುಂಡುಗಳಾಗುತ್ತವೆ. ಸಾಲದ್ದಕ್ಕೆ ಮೂರನೇ ಸಾಲಿನಲ್ಲಿ ಯಾವ ಪದಕ್ಕೂ ಸೇರದ ಎರಡು ಒಂಟಿ ಮನೆ ಉಳಿಯುತ್ತವೆ. ಚೌಕಟ್ಟನ್ನು ಮುಟ್ಟದೆ ಪದವನ್ನೇ ಬದಲಿಸಿ.

ಮೂರನೆಯ ಜೋಡಿ ನಿರುಪದ್ರವಿ ಮತ್ತು ಕಡಲಜೀವಿ. ಎರಡೂ 'ವಿ'ಯಲ್ಲಿ ಮುಗಿಯುತ್ತವೆ. ಮೂರನೇ ಅಕ್ಷರಗಳು ಪ ಮತ್ತು ಲ. ಇವುಗಳಲ್ಲಿ ಮುಗಿಯುವ ಸಣ್ಣ ಪದಗಳು ಬೇಕಾದಷ್ಟಿವೆ. ಒಳಗಿನ ನಾಲ್ಕು ಪದಗಳು ಈಗ ಸಲೀಸು:

| ಅ | ಘ | ನಾ | ಶಿ | ನಿ |
|---|---|---|---|---|
| ನು | ■ | ಡು | ■ | ರು |
| ವಾ | ರ | ■ | ದೀ | ಪ |
| ದ | ■ | ಹೊ | ■ | ದ್ರ |
| ಕ | ಡ | ಲ | ಜೀ | ವಿ |

ಅಂಕೆ ಹಾಕುವಾಗ ಎಡದಿಂದ ಬಲಕ್ಕೆ, ಸಾಲಿನಿಂದ ಸಾಲಿಗೆ ಓದುತ್ತ ಹೋಗಿ, ಪದ ಶುರುವಾಗುವ ಮನೆಗೆ ಮಾತ್ರ ಅಂಕೆ ಕೊಡಿ. ಇಲ್ಲಿ ಅ 1, ನಾ 2, ನಿ 3, ವಾ 4, ದೀ 5, ಹೊ 6, ಕ 7. 1ರಿಂದ ಅಡ್ಡಕ್ಕೂ ಉದ್ದಕ್ಕೂ ಪದವಿದೆ, ಆದರೂ ಅಂಕೆ ಒಂದೇ.

ಸುಳಿವು ಬರೆಯುವಾಗ ಹೆಚ್ಚು ಕಾಳಜಿ ಬೇಡುವುದು ಎರಡಕ್ಷರದ ಪದಗಳು. ಅವುಗಳ ಒಂದು ಅಕ್ಷರಕ್ಕೆ ಮಾತ್ರ ಬೇರೆ ಪದದ ಆಸರೆ ಇದೆ, ಇನ್ನೊಂದು ಸುಳಿವಿನಿಂದಲೇ ಹುಟ್ಟಬೇಕು. ದೀಪಕ್ಕೆ 'ಸಂಜೆ ದೇವರ ಮುಂದೆ ಹಚ್ಚುವುದು' ಎಂದು ಬರೆದರೆ ಏನಾಗುತ್ತದೆ ನೋಡಿ. ಮಗುವಿನ ಕೈಯಲ್ಲಿರುವುದು 'ಪ' ಮಾತ್ರ. ಅದು 'ಧೂಪ' ಎಂದು ಬರೆದರೆ ತಪ್ಪೆನ್ನಲು ನಮಗೆ ಕಾರಣವಿಲ್ಲ, ಮೊದಲ ಅಕ್ಷರವನ್ನು ಪರೀಕ್ಷಿಸುವ ಪದವೇ ಇಲ್ಲ. 'ಎಣ್ಣೆಯೂ ಬೇಕು, ಬತ್ತಿಯೂ ಬೇಕು' ಎಂದಾಗ ಧೂಪ ಹೊರಗುಳಿಯುತ್ತದೆ. ಹೊಲದ ಕತೆಯೂ ಇದೇ. 'ಭೂಮಿ' ಎಂದಷ್ಟೇ ಬರೆದರೆ 'ನೆಲ'ವೂ ಸರಿಹೊಂದುತ್ತದೆ. ಮೇಲಾಗಿ ಕರಾವಳಿಯ ಮಕ್ಕಳ ಬಾಯಲ್ಲಿ ಬರುವುದು ಗದ್ದೆ. ಆ ವ್ಯತ್ಯಾಸವನ್ನೇ ಸುಳಿವಾಗಿಸಬಹುದು.

ಸುಳಿವು ಉತ್ತರದ ರೂಪಕ್ಕೂ ಒಪ್ಪಬೇಕು. ಉತ್ತರ ಏಕವಚನವಾದರೆ ಸುಳಿವೂ ಏಕವಚನ, ಉತ್ತರ ನಾಮಪದವಾದರೆ ಸುಳಿವು ಕೇಳುವುದೂ ನಾಮಪದವನ್ನೇ. 'ಯಾರಿಗೂ ತೊಂದರೆ ಕೊಡದೆ' ಎಂದು ಬರೆದು ನಿರುಪದ್ರವಿ ಬಯಸುವುದು ಸಲ್ಲದು, 'ಕೊಡದವನು' ಆಗಬೇಕು. ಅದನ್ನೂ 'ತೊಂದರೆ ಕೊಡದ ಜೀವಿ' ಎನ್ನಬಾರದು, ಏಕೆಂದರೆ ಜೀವಿ ಕೆಳಸಾಲಿನ ಉತ್ತರದಲ್ಲಿದೆ.

ಎಡದಿಂದ ಬಲಕ್ಕೆ
1. ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಬಳಿ ಸಮುದ್ರ ಸೇರುವ ನದಿ (5)
4. ಏಳು ದಿನಗಳ ಅವಧಿ (2)
5. ಇದಕ್ಕೆ ಎಣ್ಣೆಯೂ ಬೇಕು, ಬತ್ತಿಯೂ ಬೇಕು (2)
7. ತಿಮಿಂಗಿಲ, ಡಾಲ್ಫಿನ್, ಏಡಿ: ಉಪ್ಪುನೀರಿನಲ್ಲಿ ಬಾಳುವ ಇಂಥ ಯಾವುದಕ್ಕೂ ಒಪ್ಪುವ ಹೆಸರು (5)

ಮೇಲಿನಿಂದ ಕೆಳಕ್ಕೆ
1. ಒಂದು ಭಾಷೆಯ ಬರಹವನ್ನು ಇನ್ನೊಂದಕ್ಕೆ ತರುವವನು (5)
2. ಕಾಡಾನೆ ಇಲ್ಲಿಗೆ ಬಂದರೆ ಸುದ್ದಿಯಾಗುತ್ತದೆ (2)
3. ಯಾರ ತಂಟೆಗೂ ಹೋಗದವನು (5)
6. ನಮ್ಮ ಗದ್ದೆಯ ಬದಲಿಗೆ ಬಯಲುಸೀಮೆಯವರು ಜೋಳ ಬಿತ್ತುವ ಜಾಗ (2)

ಆವರಣದ ಅಂಕೆ ಮನೆಗಳ ಸಂಖ್ಯೆ. ಇದನ್ನು ಬಿಡಬೇಡಿ. 1 ಕೆಳಕ್ಕೆ 'ಭಾಷಾಂತರಕಾರ' ಎಂದು ಯೋಚಿಸುವ ಮಗುವಿಗೆ ಅದು ಆರು ಮನೆ ಬೇಡುತ್ತದೆ ಎಂದು ತಕ್ಷಣ ತಿಳಿಯುತ್ತದೆ. 'ಕಡಲಜೀವಿ'ಯನ್ನು ಬಿಡಿಸಿ 'ಕಡಲ ಜೀವಿ' ಎಂದೂ ಬರೆಯುತ್ತಾರೆ. ಇಲ್ಲಿ ಒಟ್ಟಿಗೆ ಬರೆದಿದೆ ಎಂಬುದನ್ನೂ ಅದೇ ಅಂಕೆ ಹೇಳುತ್ತದೆ.

ದೊಡ್ಡ ಚೌಕಟ್ಟಿಗೆ ಹೋಗುವವರಿಗೆ ಜಿಲ್ಲೆಯ ಊರಹೆಸರುಗಳು ಸ್ವಲ್ಪ ತೊಡಕು. ಶಿರಸಿ ಎಂದರೆ ಮೂರು ಮನೆ, ಸಿರ್ಸಿ ಎಂದರೆ ಎರಡೇ. ಕುಮಟಾ, ಕುಮಟ ಎರಡಕ್ಕೂ ಮೂರು ಮನೆಯಾದರೂ ಕೊನೆಯ ಅಕ್ಷರ ಬೇರೆ. ಅಡಿಕೆ, ಅಡಕೆಯಲ್ಲಿ ನಡುವಿನದು ಬೇರೆ. ಹೀಗೆ ಎರಡು ರೂಪಗಳಿರುವ ಪದವನ್ನು ಬಳಸುವುದಾದರೆ ವ್ಯತ್ಯಾಸವಿರುವ ಮನೆಯನ್ನು ಇನ್ನೊಂದು ಪದ ಹಾಯುವಂತೆ ಕೂರಿಸಿ. ಆಗ ಯಾವ ರೂಪ ಬೇಕೆಂದು ಚೌಕಟ್ಟೇ ತೀರ್ಮಾನಿಸುತ್ತದೆ.

ಅಚ್ಚಿಗೆ ಕೊಡುವ ಮೊದಲು ಉತ್ತರ ನೋಡಿರದ ಎಂಟನೇ ತರಗತಿಯ ಇಬ್ಬರಿಗೆ ಬೇರೆ ಬೇರೆಯಾಗಿ ಪೆನ್ಸಿಲಿನಲ್ಲಿ ಬಿಡಿಸಲು ಕೊಡಿ. ಖಾಲಿ ಬಿಟ್ಟ ಮನೆಗಳಿಗಿಂತ ಧೈರ್ಯವಾಗಿ ತಪ್ಪು ತುಂಬಿದ ಮನೆಗಳನ್ನು ಗಮನಿಸಿ. ಖಾಲಿ ಮನೆ ಎಂದರೆ ಸುಳಿವು ಕಠಿಣ. ತಪ್ಪು ಪದ ಸಲೀಸಾಗಿ ಕೂತಿದೆ ಎಂದರೆ ಸುಳಿವಿಗೆ ಎರಡು ಉತ್ತರಗಳಿವೆ, ಅದನ್ನು ತಿದ್ದಲೇಬೇಕು. ಅಚ್ಚಿನಲ್ಲಿ ಮನೆ 12 ಮಿಲಿಮೀಟರ್ ಇರಲಿ, ಪೂರ್ಣ ಚೌಕ 6 ಸೆಂಟಿಮೀಟರ್ ಆಗುತ್ತದೆ. 'ದ್ರ'ದಂಥ ಅಕ್ಷರದ ಒತ್ತು ಕೆಳಕ್ಕೆ ಇಳಿಯುವುದರಿಂದ ಇಂಗ್ಲಿಷ್ ಪದಬಂಧದಷ್ಟು ಚಿಕ್ಕ ಮನೆ ಸಾಲುವುದಿಲ್ಲ. ಅಂಕೆಯನ್ನು ಎಡಮೇಲಿನ ಮೂಲೆಯಲ್ಲಿ ಸಣ್ಣದಾಗಿ ಹಾಕಿ. ಉತ್ತರವನ್ನು ಬೇರೆ ಪುಟದಲ್ಲಿ, ಪದಗಳ ಪಟ್ಟಿಯಾಗಿ ಅಲ್ಲದೆ ತುಂಬಿದ ಚೌಕಟ್ಟಾಗಿಯೇ ಕೊಡಿ.