ಸ್ಕ್ಯಾನ್ ವರದಿಯಲ್ಲಿ «ನೀರು ಕಡಿಮೆ»: ಆ ಅಂಕಿಯನ್ನು ಓದುವ ಬಗೆ

ಗರ್ಭದ ನೀರನ್ನು ಕೊಡದಲ್ಲಿ ತುಂಬಿಟ್ಟ ನೀರಿನಂತೆ ಊಹಿಸಿಕೊಂಡರೆ ಈ ಪಾಠ ಅರ್ಥವಾಗುವುದಿಲ್ಲ. ಅದು ಸದಾ ಒಳಬಂದು ಹೊರಹೋಗುತ್ತಿರುವ ನೀರು. ಸುಮಾರು 16 ವಾರಗಳ ನಂತರ ಅದರ ಬಹುಪಾಲು ಮಗುವಿನ ಮೂತ್ರದಿಂದ ಬರುತ್ತದೆ. ಮಗು ಅದನ್ನೇ ನುಂಗುತ್ತದೆ. ಇನ್ನಷ್ಟು ನೀರು ಪೊರೆಗಳ ಮೂಲಕ ಮಗುವಿನ ರಕ್ತಕ್ಕೆ ಹೀರಿಕೊಳ್ಳಲ್ಪಡುತ್ತದೆ. ಹಾಗಾಗಿ ನೀರು ಕಡಿಮೆ ಎಂದರೆ ಮಗು ಮೂತ್ರ ಕಡಿಮೆ ಮಾಡುತ್ತಿರಬೇಕು, ಅಥವಾ ನೀರು ಹೊರಗೆ ಸೋರುತ್ತಿರಬೇಕು. ನೀರು ಹೆಚ್ಚು ಎಂದರೆ ಮೂತ್ರ ಹೆಚ್ಚಾಗಿರಬೇಕು, ಅಥವಾ ನುಂಗುವುದು ಕಡಿಮೆಯಾಗಿರಬೇಕು. ಕಾರಣಗಳ ಉದ್ದ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ಅಳತೆಗೆ ಎರಡು ವಿಧಾನಗಳಿವೆ. ಮೊದಲನೆಯದು ಎಎಫ್‌ಐ: ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ, ಪ್ರತಿ ಭಾಗದಲ್ಲಿ ನೀರು ಅತಿ ಆಳವಾಗಿರುವ ಕಡೆ ನೇರವಾಗಿ ಅಳೆದು, ನಾಲ್ಕನ್ನೂ ಕೂಡಿಸುವುದು. ಎರಡನೆಯದು, ಎಲ್ಲಕ್ಕಿಂತ ಆಳವಾದ ಒಂದೇ ಒಂದು ಜಾಗವನ್ನು ಅಳೆಯುವುದು. ಎಎಫ್‌ಐ 5 ಸೆಂ.ಮೀ. ಅಥವಾ ಅದಕ್ಕಿಂತ ಕಡಿಮೆ, ಒಂಟಿ ಅಳತೆ 2 ಸೆಂ.ಮೀ.ಗಿಂತ ಕಡಿಮೆ ಬಂದರೆ ನೀರು ಕಡಿಮೆ. ಎಎಫ್‌ಐ 24 ಅಥವಾ ಹೆಚ್ಚು, ಒಂಟಿ ಅಳತೆ 8 ಅಥವಾ ಹೆಚ್ಚು ಬಂದರೆ ನೀರು ಹೆಚ್ಚು.

ಅಭ್ಯಾಸಕ್ಕೆಂದು ಒಂದು ಪ್ರಸಂಗ ಕಟ್ಟುತ್ತೇನೆ. 34 ವಾರಗಳ ಗರ್ಭಿಣಿ. ನಾಲ್ಕು ಭಾಗಗಳ ಅಳತೆ 1.1, 2.6, 0 ಮತ್ತು 1.1, ಕೂಡಿಸಿದರೆ 4.8. ಎಎಫ್‌ಐ ಪ್ರಕಾರ ನೀರು ಕಡಿಮೆ. ಆದರೆ ಅತಿ ಆಳವಾದ ಜಾಗ 2.6 ಇರುವುದರಿಂದ ಒಂಟಿ ಅಳತೆಯ ಪ್ರಕಾರ ಕಡಿಮೆಯಲ್ಲ. ಎರಡು ವಿಧಾನಗಳನ್ನು ಹೋಲಿಸಿದ ಅಧ್ಯಯನಗಳಲ್ಲಿ ಎಎಫ್‌ಐ ಬಳಸಿದಾಗ «ನೀರು ಕಡಿಮೆ» ಎಂಬ ನಿರ್ಣಯವೂ ಹೆರಿಗೆ ನೋವು ಬರಿಸುವುದೂ ಹೆಚ್ಚಾದವು, ಆದರೆ ಶಿಶುಗಳ ಸ್ಥಿತಿ ಉತ್ತಮಗೊಳ್ಳಲಿಲ್ಲ. ನೀರು ಕಡಿಮೆ ಎಂದು ಹೇಳಲು ಒಂಟಿ ಅಳತೆಯನ್ನೇ ಹೆಚ್ಚು ನಂಬಬೇಕೆನ್ನುವುದು ಇದಕ್ಕಾಗಿ. ಅಳೆಯುವ ಕೈಯೂ ತಪ್ಪಬಹುದು: ಪ್ರೋಬ್ ಅನ್ನು ಒತ್ತಿ ಹಿಡಿದರೆ ನೀರು ಕಡಿಮೆ ಕಾಣುತ್ತದೆ, ಹೊಕ್ಕುಳಬಳ್ಳಿಯ ಸುರುಳಿಯನ್ನು ನೀರೆಂದು ಎಣಿಸಿದರೆ ಹೆಚ್ಚು ಕಾಣುತ್ತದೆ.

ಹಾಗೆಂದು ಇವರನ್ನು ಸುಮ್ಮನೆ ಮನೆಗೆ ಕಳುಹಿಸುವಂತಿಲ್ಲ. ಮೊದಲು ಕೇಳಬೇಕಾದದ್ದು ಸೋರಿಕೆಯ ಬಗ್ಗೆ. ಬಟ್ಟೆ ಒದ್ದೆಯಾಗುತ್ತಿದೆಯೇ? ಅದನ್ನು ಮೂತ್ರವೆಂದೋ ಬಿಳಿಸೆರಗೆಂದೋ ತಿಳಿದು ಹೇಳದೆ ಇರುವವರು ಬಹಳ. ಅನುಮಾನವಿದ್ದರೆ ಕ್ರಿಮಿಶುದ್ಧ ಸ್ಪೆಕ್ಯುಲಮ್ ಹಾಕಿ, ಯೋನಿಯಲ್ಲಿ ನೀರು ನಿಂತಿದೆಯೇ ಎಂದು ನೋಡುತ್ತಾರೆ. ಮುಂದೆ ಮಗುವಿನ ಬೆಳವಣಿಗೆ: ಮಾಸು ಸರಿಯಾಗಿ ರಕ್ತ ಒದಗಿಸದಿದ್ದರೆ ಮಗು ಮಿದುಳು, ಹೃದಯಗಳಿಗೆ ರಕ್ತ ಉಳಿಸಿಕೊಂಡು ಮೂತ್ರಪಿಂಡಕ್ಕೆ ಕಡಿಮೆ ಕಳಿಸುತ್ತದೆ, ಮೂತ್ರ ಇಳಿಯುತ್ತದೆ. ಆದ್ದರಿಂದ ಅಂದಾಜು ತೂಕ, ಹೊಕ್ಕುಳ ರಕ್ತನಾಳದ ಡಾಪ್ಲರ್ ಮತ್ತು ತಾಯಿಯ ರಕ್ತದೊತ್ತಡವನ್ನು ಒಟ್ಟಿಗೆ ನೋಡಬೇಕು. ಎರಡೂ ಮೂತ್ರಪಿಂಡಗಳು ಮತ್ತು ತುಂಬಿ ಖಾಲಿಯಾಗುವ ಮೂತ್ರಕೋಶ ಕಾಣುತ್ತವೆಯೇ ಎಂಬುದೂ ಮುಖ್ಯ. ನೀರು ಕಡಿಮೆಯಾದದ್ದು 20 ವಾರಗಳ ಆಸುಪಾಸಿನಲ್ಲಾದರೆ ಈ ಪ್ರಶ್ನೆಗೇ ಮೊದಲ ಸ್ಥಾನ, ಏಕೆಂದರೆ ಆ ಹಂತದಲ್ಲಿ ನೀರಿಲ್ಲದಿದ್ದರೆ ಶ್ವಾಸಕೋಶವೂ ಬೆಳೆಯುವುದಿಲ್ಲ.

ನಮ್ಮ ಪ್ರಸಂಗದಲ್ಲಿ ಇವೆಲ್ಲ ಸರಿಯಾಗಿವೆ. ಉತ್ತರ ಸಿಗುವುದು ಔಷಧಿಗಳ ಬಗ್ಗೆ ಕೇಳಿದಾಗ: ಬೆನ್ನುನೋವಿಗೆಂದು ಆಕೆ ಹಲವು ದಿನಗಳಿಂದ ಐಬುಪ್ರೊಫೆನ್ ನುಂಗುತ್ತಿದ್ದಾರೆ. ಈ ಗುಂಪಿನ ನೋವಿನ ಮಾತ್ರೆಗಳು ಮಗುವಿನ ಮೂತ್ರಪಿಂಡದ ಕೆಲಸವನ್ನು ತಗ್ಗಿಸುತ್ತವೆ. 20 ವಾರಗಳ ನಂತರ ಬೇಡವೆನ್ನುವುದು ಅದಕ್ಕೇ. ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ನೀರು ಏರುತ್ತದೆ. ಆದರೆ ವೈದ್ಯರು ಬರೆದುಕೊಟ್ಟ ಕಡಿಮೆ ಪ್ರಮಾಣದ ಆಸ್ಪಿರಿನ್ ಬೇರೆ ವಿಷಯ, ಅದನ್ನು ತಾವಾಗಿ ನಿಲ್ಲಿಸಬಾರದು. ಇವರಿಗೆ ಮಾತ್ರೆ ನಿಲ್ಲಿಸಲು, ಚೆನ್ನಾಗಿ ನೀರು ಕುಡಿಯಲು, ಮಗುವಿನ ಚಲನೆ ಗಮನಿಸಲು ಹೇಳಿ, ಕೆಲವು ದಿನಗಳಲ್ಲಿ ಸ್ಕ್ಯಾನ್ ಮತ್ತೆ ಮಾಡುತ್ತಾರೆ. ಚಲನೆ ಕಡಿಮೆಯಾದರೆ ಅಥವಾ ನೀರು ಹೋದಂತೆ ಅನಿಸಿದರೆ ಆ ದಿನಕ್ಕಾಗಿ ಕಾಯದೆ ಆಗಲೇ ಆಸ್ಪತ್ರೆಗೆ ಬರಬೇಕು. ಒಂಟಿ ಅಳತೆ 2ಕ್ಕಿಂತ ಕೆಳಗೇ ಉಳಿದು ಬೇರೇನೂ ತೊಂದರೆ ಕಾಣದಿದ್ದರೆ, 36-37 ವಾರಗಳಲ್ಲಿ ಹೆರಿಗೆ ಮಾಡಿಸುವ ಚರ್ಚೆ ಬರುತ್ತದೆ.

ನೀರು ಹೆಚ್ಚಾದಾಗಲೂ ಇದೇ ಲೆಕ್ಕ. ತಾಯಿಯ ಸಕ್ಕರೆ ಏರಿದರೆ ಮಗುವಿನ ಮೂತ್ರ ಹೆಚ್ಚುತ್ತದೆ, ಹಾಗಾಗಿ ಗ್ಲೂಕೋಸ್ ಪರೀಕ್ಷೆ. ಮಗುವಿನ ಹೊಟ್ಟೆಯಲ್ಲಿ ಜಠರದ ಕಪ್ಪು ಗುಳ್ಳೆ ಮತ್ತೆ ಮತ್ತೆ ನೋಡಿದರೂ ಕಾಣದಿದ್ದರೆ ಅನ್ನನಾಳ ಮುಚ್ಚಿರಬಹುದು, ಹಾಗಾಗಿ ವಿವರವಾದ ಸ್ಕ್ಯಾನ್. ಅಲ್ಪ ಹೆಚ್ಚಳವಿದ್ದವರಲ್ಲಿ ಬಹುತೇಕರಿಗೆ ಕಾರಣವೇ ಸಿಗುವುದಿಲ್ಲ, ಅವರಿಗೆ 39 ವಾರಗಳ ಮುಂಚೆ ಹೆರಿಗೆ ಮಾಡಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಸೂಜಿಯಿಂದ ನೀರು ತೆಗೆಯುವುದು ತಾಯಿಗೆ ಉಸಿರಾಟವೇ ಕಷ್ಟವಾಗುವಷ್ಟು ಹೆಚ್ಚಿದ್ದಾಗ ಮಾತ್ರ. ಆದರೆ ಒಂದು ಎಚ್ಚರಿಕೆಯನ್ನು ಎಲ್ಲರಿಗೂ ಕೊಡಬೇಕು: ಇವರಲ್ಲಿ ನೀರು ಒಮ್ಮೆಲೇ ಒಡೆದರೆ ಹೊಕ್ಕುಳಬಳ್ಳಿ ಮಗುವಿಗಿಂತ ಮುಂಚೆ ಕೆಳಗಿಳಿಯಬಹುದು. ನೋವು ಇರಲಿ ಇಲ್ಲದಿರಲಿ, ನೀರು ಒಡೆದ ಕೂಡಲೇ ಆಸ್ಪತ್ರೆಗೆ ಹೊರಡಬೇಕು.