ಎರಡು ಎಕರೆಯಲ್ಲಿ ಎಷ್ಟು 30-40 ಸೈಟ್?

ಒಂದು ಜಮೀನು ಹಿಡಿದುಕೊಂಡು ಕೊನೆಯವರೆಗೂ ಲೆಕ್ಕ ಮಾಡೋಣ. ಪೂರ್ವ-ಪಶ್ಚಿಮ 330 ಅಡಿ, ಉತ್ತರ-ದಕ್ಷಿಣ 264 ಅಡಿ. ದಕ್ಷಿಣದ 330 ಅಡಿ ಉದ್ದಕ್ಕೂ ಊರಿನ ರಸ್ತೆ ಇದೆ. ಈ ಅಳತೆಯನ್ನು ಬೇಕೆಂದೇ ತೆಗೆದುಕೊಂಡಿದ್ದೇನೆ. ನಮ್ಮ ಗುಂಟೆ ಅಂದರೆ 33 ಅಡಿಗೆ 33 ಅಡಿ, ಅಂದರೆ 1,089 ಚದರಡಿ. ಇಲ್ಲಿ ಒಂದು ಕಡೆ ಹತ್ತು 33, ಇನ್ನೊಂದು ಕಡೆ ಎಂಟು 33. ಒಟ್ಟು 80 ಗುಂಟೆ, ಸರಿಯಾಗಿ ಎರಡು ಎಕರೆ. ಚದರಡಿಯಲ್ಲಿ 87,120.

ಷರತ್ತು ಮೂರು. ಸೈಟ್ ಎಲ್ಲವೂ 30-40 ಇರಬೇಕು. ಪ್ರತಿ ಸೈಟಿನ ಮುಂದೆ 30 ಅಡಿ ರಸ್ತೆ ಬೇಕು. ಒಟ್ಟು ಜಾಗದ ಶೇ. 10 ಪಾರ್ಕಿಗೆ ಬಿಡಬೇಕು, ಅಂದರೆ 8,712 ಚದರಡಿ. ಈ ಶೇಕಡಾ ಎಲ್ಲ ಕಡೆ ಒಂದೇ ಅಂದುಕೊಳ್ಳಬೇಡಿ. ಬಿಡಿಎ ತಾನೇ ಮಾಡುವ ಬಡಾವಣೆಗೆ 1976ರ ಅದರ ಕಾಯ್ದೆ ಪಾರ್ಕು ಮತ್ತು ಆಟದ ಮೈದಾನಕ್ಕೆ ಶೇ. 15 ಕೇಳುತ್ತದೆ, ನಾಗರಿಕ ಸೌಲಭ್ಯಕ್ಕೆ ಮತ್ತೆ ಶೇ. 10 ಬೇರೆ. ಖಾಸಗಿ ಲೇಔಟ್ ಆದರೆ ನಿಮ್ಮ ಯೋಜನಾ ಪ್ರಾಧಿಕಾರದ ನಿಯಮ ನೋಡಬೇಕು. ನಾಗರಿಕ ಸೌಲಭ್ಯಕ್ಕೆ ಬಿಡುವ ಸಿಎ ಸೈಟಿನ ಲೆಕ್ಕವನ್ನು ಇಲ್ಲಿ ಬಿಟ್ಟಿದ್ದೇನೆ. ತಿರುವಿನಲ್ಲಿ ಕಾರ್ನರ್ ಸೈಟಿನ ಮೂಲೆ ಕೊಯ್ಯುವುದನ್ನೂ ಬಿಟ್ಟಿದ್ದೇನೆ.

ಮೊದಲ ಸಲ ಇಂಥ ಲೆಕ್ಕ ಕೊಟ್ಟಾಗ ನಾನು ಬರೆದ ಉತ್ತರ 65. ಪಾರ್ಕ್ ಕಳೆದೆ, ಉಳಿದ 78,408ನ್ನು 1,200ರಿಂದ ಭಾಗಿಸಿದೆ, ಮುಗೀತು ಅಂದುಕೊಂಡೆ. ರಸ್ತೆ ಎಲ್ಲಿ ಅಂತ ಲೆಕ್ಕ ಕೊಟ್ಟವರು ಕೇಳಿದರು. ಸರಿ, ರಸ್ತೆಗೆ ಅಂದಾಜು ಶೇ. 30 ಕಳೆದು 43 ಅಂದೆ. ಆ ಶೇ. 30 ಎಲ್ಲಿಂದ ಬಂತು ಅಂತ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸೈಟು ನೀರಲ್ಲ, ಉಳಿದ ಜಾಗಕ್ಕೆಲ್ಲ ಸುಮ್ನೆ ಹರಿದು ತುಂಬಿಕೊಳ್ಳುವುದಕ್ಕೆ. ಅದಕ್ಕೆ ಒಂದು ಅಗಲ, ಒಂದು ಉದ್ದ ಇದೆ. ಹಾಗಾಗಿ ಭಾಗಿಸಬೇಕಾದದ್ದು ಚದರಡಿಯನ್ನಲ್ಲ, ಅಡಿಯನ್ನು. ಒಂದು ದಿಕ್ಕಿನಲ್ಲಿ 40 ಮತ್ತು 30ರ ಪಟ್ಟಿಗಳನ್ನು ಜೋಡಿಸಬೇಕು, ಇನ್ನೊಂದು ದಿಕ್ಕಿನಲ್ಲಿ ಬರೀ 30ರಿಂದ ಭಾಗಿಸಬೇಕು.

ಪಟ್ಟಿಗಳ ಲೆಕ್ಕ ಹೀಗೆ. ಒಂದು ರಸ್ತೆ ಎರಡು ಸಾಲಿಗೆ ಕೆಲಸ ಮಾಡುತ್ತದೆ, ಈ ಕಡೆ ಒಂದು ಸಾಲು, ಆ ಕಡೆ ಒಂದು ಸಾಲು. ಸಾಲಿನ ಆಳ 40, ರಸ್ತೆ 30, ಮತ್ತೆ 40. ಒಟ್ಟು 110. ಒಂದು 110ರ ಪಕ್ಕ ಇನ್ನೊಂದು 110 ಇಟ್ಟರೆ ನಡುವೆ ಎರಡು ಸಾಲು ಬೆನ್ನಿಗೆ ಬೆನ್ನು ಹಚ್ಚಿ ಕೂರುತ್ತವೆ.

ಮೊದಲ ನಕ್ಷೆ

330 ಅಂದರೆ ಮೂರು 110. ಒಂದು ಅಡಿಯೂ ಮಿಗುವುದಿಲ್ಲ. ಊರ ರಸ್ತೆಯಿಂದ ಉತ್ತರಕ್ಕೆ ಮೂರು ರಸ್ತೆ ಎಳೆಯಿರಿ, ಆರು ಸಾಲು ಸಿಗುತ್ತವೆ. ಪ್ರತಿ ಸಾಲಿನ ಉದ್ದ 264. ಅದರಲ್ಲಿ 30 ಅಡಿಯ ಸೈಟು ಎಂಟು, ಹಿಂದುಗಡೆ 24 ಅಡಿ ಮಿಕ್ಕಿತು. ಆರು ಎಂಟಲೆ 48.

ಈಗ ಪಾರ್ಕ್. ಬೆನ್ನಿಗೆ ಬೆನ್ನು ಇರುವ ಜೋಡಿ ಸಾಲಿನಲ್ಲಿ ಇಟ್ಟರೆ ಅಗಲ 80 ಸಿಗುತ್ತದೆ, ಎರಡು ಕಡೆಯಿಂದಲೂ ರಸ್ತೆ ಸಿಗುತ್ತದೆ. 8,712ನ್ನು 80ರಿಂದ ಭಾಗಿಸಿದರೆ 108.9. ಅಂದರೆ 109 ಅಡಿ ಉದ್ದ ಬೇಕು. ಹಿಂದೆ ಮಿಕ್ಕ 24 ಅಡಿ ಪುಕ್ಕಟೆ ಸಿಕ್ಕಿತು. ಅದಕ್ಕೆ ಮೂರು ಸೈಟಿನ 90 ಅಡಿ ಸೇರಿಸಿದರೆ 114. ಸಾಕಾಯಿತು. ಎರಡೂ ಸಾಲಿನಿಂದ ಮೂರು ಮೂರು ಹೋದರೆ ಉಳಿದದ್ದು 42 ಸೈಟ್.

ಉಳಿದ ನಾಲ್ಕು ಸಾಲಿನ ಹಿಂದೆ 24 ಅಡಿಗೆ 40 ಅಡಿಯ ತುಂಡುಗಳು ಹಾಗೇ ಇವೆ. ಇವನ್ನು ಆಡ್ ಸೈಟ್ ಅಂತ ಮಾರುವ ಆಸೆ ಎಲ್ಲರಿಗೂ ಬರುತ್ತದೆ. ಸ್ವಲ್ಪ ತಡೆಯಿರಿ, ಇವು ಬೇಕಾಗುತ್ತವೆ.

ಎರಡನೇ ನಕ್ಷೆ

ಈಗ ಸಾಲುಗಳನ್ನು ತಿರುಗಿಸೋಣ. ರಸ್ತೆಗಳು ಪೂರ್ವ-ಪಶ್ಚಿಮ. 264ರಲ್ಲಿ ಎರಡು 110 ಕೂತರೆ 44 ಮಿಗುತ್ತದೆ. ಆದರೆ ಊರ ರಸ್ತೆ ಇದೆಯಲ್ಲ, ಮುಂದಿನ ಸಾಲು ಅದಕ್ಕೇ ಮುಖ ಮಾಡಬಹುದು, ಅದಕ್ಕೆ ನಮ್ಮ ರಸ್ತೆ ಬೇಡ. ದಕ್ಷಿಣದಿಂದ ಎಣಿಸಿ: 40, 40, ರಸ್ತೆ 30, 40, 40, ರಸ್ತೆ 30, 40. ಒಟ್ಟು 260. ಮಿಕ್ಕಿದ್ದು ನಾಲ್ಕೇ ಅಡಿ.

ಒಳಗಿನ ಎರಡು ರಸ್ತೆಗೆ ಊರ ರಸ್ತೆಯಿಂದ ದಾರಿ ಬೇಕು. ನಡುವೆ 30 ಅಡಿಯ ಒಂದು ಅಡ್ಡರಸ್ತೆ ಬಿಟ್ಟರೆ 300 ಉಳಿಯಿತು, ಸಾಲಿಗೆ ಹತ್ತು ಸೈಟ್. ಅಡ್ಡರಸ್ತೆ ಎರಡನೇ ರಸ್ತೆಗೆ ಮುಟ್ಟಿ ನಿಂತರೆ ಸಾಕು, ಹಿಂದಿನ ಸಾಲನ್ನು ಸೀಳಬೇಕಿಲ್ಲ. ಅಲ್ಲಿ 330ರಲ್ಲಿ ಹನ್ನೊಂದು ಕೂರುತ್ತವೆ. ನಾಲ್ಕು ಹತ್ತಲೆ 40, ಜೊತೆಗೆ 11, ಒಟ್ಟು 51. ಪಾರ್ಕಿಗೆ ಮತ್ತೆ ಜೋಡಿ ಸಾಲು, ಅಗಲ 80. ಇಲ್ಲಿ ಪುಕ್ಕಟೆ ತುಂಡು ಇಲ್ಲ. 109 ಬೇಕಾದರೆ ಪೂರ್ತಿ ನಾಲ್ಕು ಸೈಟಿನ 120 ಅಡಿ ಕೊಡಬೇಕು. ಎರಡು ಸಾಲಿನಿಂದ ಎಂಟು ಹೋಗಿ 43 ಉಳಿಯಿತು.

ಇಲ್ಲಿ ತಾಳೆ ನೋಡುವುದನ್ನು ಕಲಿಯಿರಿ. ಸೈಟ್ 51,600, ಪಾರ್ಕ್ 9,600, ಹಿಂದಿನ ನಾಲ್ಕು ಅಡಿ ಪಟ್ಟಿ 1,320. ಎರಡು ರಸ್ತೆ ಸೇರಿ 19,800. ಅಡ್ಡರಸ್ತೆಯ ಉದ್ದ ಊರ ರಸ್ತೆಯಿಂದ ಎರಡನೇ ರಸ್ತೆಯ ಆಚೆ ಅಂಚಿನವರೆಗೆ 220 ಅಂತ ಹಿಡಿದರೆ 6,600 ಬರುತ್ತದೆ. ಎಲ್ಲ ಕೂಡಿಸಿ, 88,920! ಜಮೀನು 1,800 ಚದರಡಿ ಬೆಳೆದುಬಿಟ್ಟಿದೆ. ರಸ್ತೆ ರಸ್ತೆ ಕೂಡುವ ಎರಡು ಚೌಕಗಳನ್ನು, ಒಂದೊಂದು 900, ಎರಡೆರಡು ಸಲ ಎಣಿಸಿದ್ದರಿಂದ ಹೀಗಾಯಿತು. ಅಡ್ಡರಸ್ತೆಗೆ ಸಾಲುಗಳ ನಡುವಿನ 160 ಅಡಿ ಮಾತ್ರ ಹಿಡಿದರೆ 4,800, ಆಗ ಮೊತ್ತ 87,120ಕ್ಕೆ ಬಂದು ನಿಲ್ಲುತ್ತದೆ. ನಕ್ಷೆ ಕೊಡುವ ಮುಂಚೆ ಈ ಕೂಡುವಿಕೆ ಮಾಡದೆ ಕೊಡಬೇಡಿ.

42ಕ್ಕಿಂತ 43 ಜಾಸ್ತಿ ಅಲ್ವಾ, ಹಾಗಾದರೆ ಎರಡನೇ ನಕ್ಷೆಯೇ ಇರಲಿ ಅನಿಸುತ್ತದೆ. ಆದರೆ ಸೈಟುಗಳ ಮುಖ ನೋಡಿ. ಇದರಲ್ಲಿ ಒಂದು, ಮೂರು, ಐದನೇ ಸಾಲು ದಕ್ಷಿಣಕ್ಕೆ ಮುಖ ಮಾಡಿವೆ. ಪಾರ್ಕಿಗೆ ಹೋದದ್ದು ಕಳೆದರೂ 43ರಲ್ಲಿ 27 ದಕ್ಷಿಣ ಮುಖ. ವಾಸ್ತುವನ್ನು ನಾನು ನಂಬುತ್ತೇನೋ ಬಿಡುತ್ತೇನೋ ಬೇರೆ ಮಾತು, ಕೊಳ್ಳಲು ಬರುವವರು ಮೊದಲು ಕೇಳುವುದೇ ಮುಖ ಯಾವ ಕಡೆ ಅಂತ. ಮೊದಲ ನಕ್ಷೆಯಲ್ಲಿ 21 ಪೂರ್ವ ಮುಖ, 21 ಪಶ್ಚಿಮ.

ಊರ ರಸ್ತೆ ಎಷ್ಟು ಅಗಲ?

ಇದು ನಾನು ಮರೆತಿದ್ದ ಪ್ರಶ್ನೆ. ಸ್ಥಳಕ್ಕೆ ಹೋಗಿ ಟೇಪ್ ಹಿಡಿದರೆ ಊರ ರಸ್ತೆ 20 ಅಡಿ ಇದೆ ಅಂದುಕೊಳ್ಳಿ. ಅದು 30 ಆಗಬೇಕು ಅಂತ ಪ್ರಾಧಿಕಾರ ಹೇಳಿದರೆ ನಡುಗೆರೆಯಿಂದ ಎರಡೂ ಕಡೆ ಐದೈದು ಅಡಿ ಹೋಗುತ್ತದೆ. ನಮ್ಮ 264 ಈಗ 259.

ಎರಡನೇ ನಕ್ಷೆಗೆ ಬೇಕಾದದ್ದು 260. ಒಂದೇ ಅಡಿ ಕಡಿಮೆ! ಮುಂದಿನ ಸಾಲಿನ ಹತ್ತೂ ಸೈಟು 30-39 ಆಗುತ್ತವೆ, ಒಂದೊಂದು 1,170 ಚದರಡಿ. ಎಲ್ಲವೂ ಒಂದೇ ಅಳತೆ ಎನ್ನುವ ಷರತ್ತು ಅಲ್ಲಿಗೆ ಮುರಿಯಿತು. ಒಳಗಿನ ರಸ್ತೆಯನ್ನು 29 ಮಾಡೋಣ ಅಂದರೆ ಆ ರಸ್ತೆಗೆ ಒಪ್ಪಿಗೆ ಸಿಗುವುದಿಲ್ಲ.

ಮೊದಲ ನಕ್ಷೆಗೆ ಏನಾಯಿತು ನೋಡಿ. 259ರಲ್ಲೂ ಎಂಟು ಸೈಟ್ ಕೂತವು, 240 ಅಡಿ. ಹಿಂದೆ 24ರ ಬದಲು 19 ಮಿಕ್ಕಿತು, ಅಷ್ಟೇ. ಪಾರ್ಕಿನ ಉದ್ದ 19 ಮತ್ತು 90, ಅಂದರೆ 109. 80ರಿಂದ ಗುಣಿಸಿದರೆ 8,720. ಬೇಕಾದದ್ದು 8,712. ಸೈಟು 42 ಹಾಗೇ ಉಳಿದವು. ಮೊದಲು ದಂಡ ಅನಿಸಿದ್ದ ಆ ಹಿಂದಿನ ತುಂಡೇ ಐದು ಅಡಿಯನ್ನು ನುಂಗಿಕೊಂಡಿತು.

ಇದರ ಕಷ್ಟ ಡೆಡ್ ಎಂಡ್. ಮೂರೂ ರಸ್ತೆ 259 ಅಡಿ ಹೋಗಿ ಬೇಲಿಗೆ ಮುಟ್ಟಿ ನಿಲ್ಲುತ್ತವೆ. ಕಸದ ಗಾಡಿ ಒಳಗೆ ಹೋದರೆ ಅಷ್ಟೂ ದೂರ ರಿವರ್ಸ್ ಬರಬೇಕು. ಹಿಂದೆ 30 ಅಡಿಯ ಕೂಡುರಸ್ತೆ ಹಾಕಿದರೆ ಸಾಲಿಗೆ ಒಂದು ಸೈಟ್ ಹೋಗಿ 36ಕ್ಕೆ ಇಳಿಯುತ್ತದೆ. ಅದರ ಬದಲು ಮಾರಬೇಡಿ ಅಂದೆನಲ್ಲ, ಆ 19 ಅಡಿಗೆ 40ರ ತುಂಡುಗಳನ್ನು ರಸ್ತೆಗೆ ಸೇರಿಸಿ. ಎರಡು ರಸ್ತೆಗೆ ಒಂದೊಂದು, ಮೂರನೆಯದಕ್ಕೆ ಎರಡು ಕಡೆಯೂ ಸಿಗುತ್ತದೆ. ಗಾಡಿ ಅದರೊಳಗೆ ಹಿಂದೆ ತೆಗೆದು ತಿರುಗಿಕೊಳ್ಳಬಹುದು. ಇದನ್ನು ಒಪ್ಪುತ್ತಾರೋ, ಕೂಡುರಸ್ತೆಯೇ ಬೇಕು ಅನ್ನುತ್ತಾರೋ ಅನ್ನುವುದನ್ನು ನಕ್ಷೆ ಬರೆಯುವ ಮುಂಚೆಯೇ ಕೇಳಿಕೊಳ್ಳಿ. ಆರು ಸೈಟಿನ ವ್ಯತ್ಯಾಸ.

ಕಾಗದದಿಂದ ನೆಲಕ್ಕೆ

ಇಷ್ಟೂ ಲೆಕ್ಕ ಜಮೀನು ನೇರ ಚೌಕಟ್ಟು ಎಂಬ ನಂಬಿಕೆಯ ಮೇಲೆ ನಿಂತಿದೆ. ಪಹಣಿಯಲ್ಲಿ ಎರಡು ಎಕರೆ ಅಂತ ಇದ್ದರೆ ಅದರಲ್ಲಿ ಖರಾಬು ಎಷ್ಟು ಅಂತ ಮೊದಲು ನೋಡಿ. ಹಳ್ಳ, ದಾರಿ ಹಾದುಹೋದ ಬಿ ಖರಾಬು ಸಾರ್ವಜನಿಕರದ್ದು, ಅದರಲ್ಲಿ ಸೈಟು ಬಿಡಿಸಲಾಗದು. ಆಮೇಲೆ ನಾಲ್ಕು ಬದಿ ಅಳೆದರೆ ಸಾಲದು, ಎರಡೂ ಕರ್ಣ ಅಳೆಯಿರಿ. 330-264ರ ಕರ್ಣ 422.6 ಅಡಿ. ಬದಿಗಳು ಸರಿಯಿದ್ದು ಒಂದು ಕರ್ಣ ಉದ್ದ, ಇನ್ನೊಂದು ಗಿಡ್ಡ ಬಂದರೆ ಜಮೀನು ಓರೆಯಾಗಿದೆ. ಆಗ ಬೇಲಿಯ ಉದ್ದ 330 ಇದ್ದರೂ ನೇರ ಅಗಲ ಅಷ್ಟಿರುವುದಿಲ್ಲ, ಮೂರು 110 ಕೂರುವುದಿಲ್ಲ.

ಪಾರ್ಕಿನಲ್ಲಿ ನಮಗೆ ಉಳಿದದ್ದು ಎಂಟು ಚದರಡಿ. 80 ಅಡಿ ಅಗಲಕ್ಕೆ ಹಂಚಿದರೆ ಉದ್ದದಲ್ಲಿ ಬರೀ 1.2 ಇಂಚು. ಟೇಪ್ ಸ್ವಲ್ಪ ಜೋಲು ಬಿದ್ದರೂ ಅಷ್ಟು ತಪ್ಪುತ್ತದೆ. ಮುಂದಿನಿಂದ ಒಂದೊಂದೇ ಸೈಟಿನ ಕಲ್ಲು ನೆಡುತ್ತಾ ಹೋದರೆ ಎಲ್ಲ ತಪ್ಪೂ ಕೊನೆಗೆ ಬಂದು ಪಾರ್ಕಿನ ಮೇಲೆ ಬೀಳುತ್ತದೆ. ಅದಕ್ಕೆ ಆ ಜೋಡಿ ಸಾಲಿನಲ್ಲಿ ಹಿಂದಿನ ಬೇಲಿಯಿಂದ 109 ಅಡಿ ಅಳೆದು ಪಾರ್ಕಿನ ಕಲ್ಲನ್ನೇ ಮೊದಲು ನೆಡಿ. ಅಲ್ಲಿಂದ ಮುಂದಿನ ರಸ್ತೆ ಅಂಚಿಗೆ 150 ಪೂರ್ತಿ ಸಿಕ್ಕರೆ 42. ಸಿಗದಿದ್ದರೆ ಪಾರ್ಕಿನ ಪಕ್ಕದ ಎರಡು ಸೈಟು ಪಾರ್ಕಿಗೆ ಹೋಗುತ್ತವೆ, ಆಗ ಉತ್ತರ 40.